ರಾತ್ರಿ ಪಾಳಿಯ ನೀರು ಮತ್ತು ಕರೆಂಟ್ ಬಂದ ಮೊದಲ ಐದು ನಿಮಿಷ

ಪ್ರಶ್ನೆ: ನಮ್ಮದು ಜತ್ತ ತಾಲೂಕಿನ ಉಮದಿ ಕಡೆ ಹೊಲ. ಎರಡು ಎಕರೆ ದಾಳಿಂಬೆ, 600 ಗಿಡ, ಡ್ರಿಪ್ ಮಾಡಿದ್ದೇವೆ. ಬೋರಿನಲ್ಲಿ 7.5 ಎಚ್‌ಪಿ ಸಬ್‌ಮರ್ಸಿಬಲ್ ಇದೆ. ತ್ರೀ ಫೇಸ್ ಲೈಟ್ ಒಂದು ವಾರ ಹಗಲು, ಒಂದು ವಾರ ರಾತ್ರಿ ಎಂಟು ತಾಸು. ರಾತ್ರಿ ಪಾಳಿಯಲ್ಲಿ ಲೈಟ್ ಬರ್ತದೆ, ಹೋಗ್ತದೆ, ಮತ್ತೆ ಬರ್ತದೆ. ಲೈಟ್ ಬಂದೊಡನೆ ಮೋಟರ್ ತಾನೇ ಶುರುವಾಗಲಿ ಎಂದು ನಾನು ಆಟೋ ಹಾಕಿ ಮಲಗ್ತೇನೆ. ಈ ವರ್ಷ ಎರಡು ಸಲ ಸ್ಟಾರ್ಟರಿನ ಕಾಯಿಲ್ ಸುಟ್ಟಿತು, ಆಮೇಲೆ ಮೋಟರೇ ಸುಟ್ಟು ರಿವೈಂಡಿಂಗ್ ಆಯ್ತು. ಆಟೋ ತೆಗೆದರೆ ರಾತ್ರಿಯೆಲ್ಲ ಹೊಲದಲ್ಲೇ ಕೂರಬೇಕು. ಎರಡು ವಾಲ್ವ್ ಇವೆ, ನಡುರಾತ್ರಿ ಬದಲಿಸಲು ಹೋಗುವುದೂ ಹಾವು–ಚೇಳಿನ ಭಯ. ಏನು ಮಾಡಬೇಕು?

ಉತ್ತರ: ಆಟೋ ತೆಗೆಯಬೇಡಿ, ಅದನ್ನು ಸರಿಮಾಡಿಸಿ. ಎರಡು ಕಾಯಿಲ್ ಮತ್ತು ಒಂದು ಮೋಟರ್ ಬೇರೆಬೇರೆ ಕಾರಣಕ್ಕೆ ಸುಟ್ಟಿವೆ ಎಂದು ನನಗೆ ಅನಿಸುವುದಿಲ್ಲ. ಮೊದಲು ಕಾಯಿಲ್, ಆಮೇಲೆ ಮೋಟರ್ ಎಂಬ ನಿಮ್ಮ ಕ್ರಮವೇ ಕಾರಣವನ್ನು ತೋರಿಸುತ್ತದೆ. ತಪ್ಪು ನಡೆಯುವುದು ಕರೆಂಟ್ ಬಂದ ಮೊದಲ ಐದು ನಿಮಿಷದಲ್ಲಿ.

ನಿಮ್ಮ ಡಿಪಿ, ಅಂದರೆ ಹೊಲಗಳಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್, 63 ಕೆವಿಎ ಎಂದು ಇಟ್ಟುಕೊಳ್ಳೋಣ. ಅದು ಪೂರ್ತಿ ಲೋಡಿನಲ್ಲಿ ಕೊಡಬಲ್ಲದ್ದು ಸುಮಾರು 85 ಆಂಪಿಯರ್. ಅದರ ಮೇಲೆ 7.5 ಎಚ್‌ಪಿಯ ಮೂರು, 5 ಎಚ್‌ಪಿಯ ನಾಲ್ಕು ಮೋಟರ್ ಇವೆ ಅನ್ನಿ. ಓಡುತ್ತಿರುವಾಗ 7.5ರದ್ದು ತಲಾ 15, 5ರದ್ದು ತಲಾ 10 ಆಂಪಿಯರಿನ ಆಸುಪಾಸು ಎಳೆಯುತ್ತದೆ. ಒಟ್ಟು 85. ಅಲ್ಲಿಗೆ ಡಿಪಿ ತುಂಬಿತು, ಆದರೂ ನಡೆಯುತ್ತದೆ. ಆದರೆ ಮೋಟರ್ ನಿಂತಲ್ಲಿಂದ ಎದ್ದು ಓಡುವ ಆ ಒಂದೆರಡು ಸೆಕೆಂಡಿನಲ್ಲಿ ಅದು ಆರು ಪಟ್ಟು ಆಂಪಿಯರ್ ಕೇಳುತ್ತದೆ. ನಿಮ್ಮ ಒಂದೇ ಮೋಟರ್ 90 ಆಂಪಿಯರ್ ಕೇಳಿದರೆ ಇಡೀ ಡಿಪಿಯ ಶಕ್ತಿ ಅದಕ್ಕೇ ಬೇಕಾಗುತ್ತದೆ. ಕೈಯಿಂದ ಶುರು ಮಾಡುವ ಕಾಲದಲ್ಲಿ ಒಬ್ಬರಾದ ಮೇಲೆ ಒಬ್ಬರು ಬಟನ್ ಒತ್ತುತ್ತಿದ್ದರು, ಹಾಗಾಗಿ ತೊಂದರೆ ಕಾಣಲಿಲ್ಲ. ಈಗ ಎಲ್ಲರದ್ದೂ ಆಟೋ. ಕರೆಂಟ್ ಬಂದ ಕ್ಷಣ ಏಳೂ ಮೋಟರ್ ಒಟ್ಟಿಗೆ ಏಳುತ್ತವೆ, 500 ಆಂಪಿಯರ್ ಕೇಳುತ್ತವೆ. 415 ವೋಲ್ಟ್ ಇರಬೇಕಾದದ್ದು ಲೈನಿನ ಕೊನೆಯ ಸ್ಟಾರ್ಟರಿನಲ್ಲಿ 300ರ ಹತ್ತಿರ ಬಿದ್ದರೂ ಆಶ್ಚರ್ಯವಿಲ್ಲ.

ಈಗ ಸ್ಟಾರ್ಟರಿನ ಒಳಗೆ ನೋಡೋಣ. ಕಾಯಿಲ್ ಅಯಸ್ಕಾಂತದಂತೆ ಎಳೆದು ಪಾಯಿಂಟ್‌ಗಳನ್ನು ಕೂಡಿಸಿದಾಗ ಮೋಟರಿಗೆ ಕರೆಂಟ್ ಹೋಗುತ್ತದೆ, ಈ ಸ್ವಿಚ್ಚೇ ಕಾಂಟ್ಯಾಕ್ಟರ್. ಕಾಯಿಲ್ ತನ್ನ ವೋಲ್ಟೇಜಿನ ಶೇ. 85ರಷ್ಟಾದರೂ ಸಿಕ್ಕರೆ ಖಂಡಿತ ಎಳೆದು ಹಿಡಿಯಬೇಕು ಎಂಬುದು ಕಾಂಟ್ಯಾಕ್ಟರ್ ಮಾಡುವವರು ಪಾಲಿಸುವ ಲೆಕ್ಕ. 415ಕ್ಕೆ ಅದು ಸುಮಾರು 353 ವೋಲ್ಟ್. ಅದಕ್ಕಿಂತ ಕೆಳಗೆ ಹಿಡಿಯಲೂಬಹುದು, ಹಿಡಿಯದೆಯೂ ಇರಬಹುದು. ಕಾಯಿಲ್ ಎಳೆಯಲು ಹೊರಡುತ್ತದೆ, ಮೋಟರ್ ಏಳುತ್ತದೆ, ವೋಲ್ಟೇಜ್ ಬೀಳುತ್ತದೆ, ಕಾಯಿಲ್ ಬಿಡುತ್ತದೆ. ಲೋಡ್ ಹೋದೊಡನೆ ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಪೆಟ್ಟಿಗೆಯಿಂದ ಟರ್ರ್ ಎಂದು ಕೇಳುವ ಸದ್ದು ಇದೇ. ಎಸಿ ಕಾಯಿಲ್‌ನ ಒಂದು ಗುಣ ಇಲ್ಲಿ ಗೊತ್ತಿರಬೇಕು. ಅಯಸ್ಕಾಂತ ಪೂರ್ತಿ ಮುಚ್ಚಿ ಕೂತಾಗ ಅದು ಎಳೆಯುವ ಕರೆಂಟ್ ಬಹಳ ಕಡಿಮೆ. ಅರ್ಧ ತೆರೆದೇ ಇದ್ದರೆ ಹಲವು ಪಟ್ಟು ಜಾಸ್ತಿ. ಆ ಜಾಸ್ತಿ ಕರೆಂಟಿಗೆ ಅದು ಒಂದು ಕ್ಷಣ ತಡೆಯುತ್ತದೆ, ನಿಮಿಷಗಟ್ಟಲೆ ತಡೆಯುವುದಿಲ್ಲ. ನಿಮ್ಮ ಕಾಯಿಲ್‌ಗಳು ಸುಟ್ಟದ್ದು ಹೀಗೆ.

ಅಂಗಡಿಗೆ ಹೋಗಿ ಹೊಸ ಕಾಯಿಲ್ ಹಾಕಿಸಿ ಬರುತ್ತೇವೆ, ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಟರ್ರ್ ಎಂದ ಪ್ರತಿ ಸಲವೂ ಮೂರು ಕಾಂಟ್ಯಾಕ್ಟ್ ಪಾಯಿಂಟ್‌ಗಳ ನಡುವೆ ಕಿಡಿ ಹಾರಿರುತ್ತದೆ. ಪಾಯಿಂಟಿನ ಮುಖ ತಿಂದುಹೋಗುತ್ತದೆ, ಒಂದು ಪಾಯಿಂಟ್ ಸರಿಯಾಗಿ ಕೂರುವುದಿಲ್ಲ. ಆ ಫೇಸ್ ಮೋಟರಿಗೆ ತಲುಪುವುದಿಲ್ಲ. ಮೂರು ಫೇಸಿನ ಮೋಟರ್ ಎರಡರ ಮೇಲೆ ಓಡುತ್ತದೆ, ಆ ಎರಡರಲ್ಲಿ ಆಂಪಿಯರ್ ಸುಮಾರು 1.7 ಪಟ್ಟು ಆಗುತ್ತದೆ. ನಿಂತ ಮೋಟರ್ ಆದರೆ ಏಳುವುದೇ ಇಲ್ಲ, ಗುಂಯ್ ಎಂದು ಕಾಯುತ್ತಾ ಕೂರುತ್ತದೆ. ನೀವು ಮನೆಯಲ್ಲಿ ಮಲಗಿರುತ್ತೀರಿ.

ಇದನ್ನು ಪರೀಕ್ಷಿಸಲು ಒಂದು ದಾರಿ ಇದೆ. ರಿವೈಂಡಿಂಗ್ ಮಾಡಿದವರನ್ನು ಕೇಳಿ: ಸುರುಳಿಗಳು ಎಲ್ಲ ಕಡೆ ಒಂದೇ ಸಮ ಕಪ್ಪಾಗಿದ್ದವಾ, ಅಥವಾ ಕೆಲವು ಕಪ್ಪು, ಕೆಲವು ಹೊಸದರಂತೆ ಇದ್ದವಾ? ಸ್ಟಾರ್ ಕಟ್ಟಿದ ಮೋಟರ್ ಫೇಸ್ ತಪ್ಪಿ ಸುಟ್ಟರೆ ಎರಡು ಫೇಸಿನ ಸುರುಳಿ ಕಪ್ಪಾಗಿ ಒಂದು ಉಳಿದಿರುತ್ತದೆ. ಡೆಲ್ಟಾ ಕಟ್ಟಿದ್ದರೆ ಒಂದೇ ಕಪ್ಪಾಗಿ ಎರಡು ಉಳಿದಿರುತ್ತವೆ. ಎಲ್ಲವೂ ಸಮನಾಗಿ ಕಪ್ಪಾಗಿದ್ದರೆ ಕಾರಣ ಲೋಡ್ ಜಾಸ್ತಿ, ವೋಲ್ಟೇಜ್ ಕಡಿಮೆ ಅಥವಾ ನೀರಿಲ್ಲದೆ ಓಡಿದ್ದು. ಕೆಲಸ ಮಾಡಿದ ಮೇಸ್ತ್ರಿಗೆ ಇದು ಸಾಮಾನ್ಯವಾಗಿ ನೆನಪಿರುತ್ತದೆ. ಮುಂದೆ ಯಾವಾಗಲಾದರೂ ಕಾಯಿಲ್ ಬದಲಿಸಿದರೆ ಪಾಯಿಂಟ್‌ಗಳನ್ನೂ ತೆರೆದು ನೋಡಲು ಹೇಳಿ, ಹೊಂಡ ಬಿದ್ದಿದ್ದರೆ ಮೂರನ್ನೂ ಒಟ್ಟಿಗೆ ಬದಲಿಸಿ. ಮರಳು ಕಾಗದದಿಂದ ಉಜ್ಜಿದರೆ ಮೇಲಿನ ಬೆಳ್ಳಿಯ ಪದರ ಹೋಗುತ್ತದೆ, ಅದು ಬೇಡ.

ಪರಿಹಾರದಲ್ಲಿ ಮೊದಲನೆಯದು ಡಿಲೇ ಟೈಮರ್. ಇದು ಕಾಯಿಲ್‌ಗೆ ಹೋಗುವ ತಂತಿಯ ನಡುವೆ ಕೂರುತ್ತದೆ. ಕರೆಂಟ್ ಬಂದಾಗಿನಿಂದ ಎಣಿಸಲು ಶುರು ಮಾಡಿ, ನೀವಿಟ್ಟ ಹೊತ್ತು ಕಳೆದ ಮೇಲೆ ಕಾಯಿಲ್‌ಗೆ ಕರೆಂಟ್ ಬಿಡುತ್ತದೆ. ನಡುವೆ ಕರೆಂಟ್ ಹೋದರೆ ಎಣಿಕೆ ಮತ್ತೆ ಸೊನ್ನೆಯಿಂದ. ಅಗ್ಗದ ಆಟೋ ಸ್ವಿಚ್‌ಗಳಲ್ಲಿ ಎರಡು–ಮೂರು ಸೆಕೆಂಡಿನ ಡಿಲೇ ಮಾತ್ರ ಇರುತ್ತದೆ, ಅದನ್ನು ಬದಲಿಸಲೂ ಬರುವುದಿಲ್ಲ. ಎಲ್ಲರ ಸ್ವಿಚ್ಚಿನಲ್ಲೂ ಅದೇ ಮೂರು ಸೆಕೆಂಡ್ ಇದ್ದರೆ ಎಲ್ಲರೂ ಮೂರು ಸೆಕೆಂಡ್ ತಡವಾಗಿ ಒಟ್ಟಿಗೆ ಶುರು ಮಾಡಿದಂತಾಯಿತು, ಅಷ್ಟೇ. ತಿರುಗಿಸಿ ನಿಮಿಷ ಇಡಬಹುದಾದ ಟೈಮರ್ ಕೇಳಿ ತನ್ನಿ. ಸ್ಟಾರ್ಟರಿನ ತನಕ ನ್ಯೂಟ್ರಲ್ ತಂತಿ ಬಂದಿಲ್ಲದಿದ್ದರೆ 415 ವೋಲ್ಟಿನದ್ದೇ ಬೇಕು, 240ರದ್ದು ತಂದು ಎರಡು ಫೇಸಿಗೆ ಕೊಟ್ಟರೆ ಅವತ್ತೇ ಸುಡುತ್ತದೆ.

ಎಷ್ಟು ಹೊತ್ತು ಇಡಬೇಕು? ಮೊದಲ ಮೋಟರಿಗೂ ಎರಡು ನಿಮಿಷ ಇರಲಿ. ಕಾರಣ ಎರಡು. ರಾತ್ರಿ ಬಂದ ಕರೆಂಟ್ ಮತ್ತೆ ಹೋಗುವುದನ್ನು ನೀವೇ ಬರೆದಿದ್ದೀರಿ. ಆ ಬರುವ–ಹೋಗುವ ಆಟ ಮೋಟರಿಗೆ ತಟ್ಟಬಾರದು. ಎರಡನೆಯದು ಬೋರಿನ ಒಳಗಿನದ್ದು. ಮೋಟರ್ ನಿಂತ ಕೂಡಲೇ ಪೈಪಿನಲ್ಲಿದ್ದ ನೀರು ಕೆಳಗೆ ಬೀಳಲು ನೋಡುತ್ತದೆ. ನೀರು ಹಿಂದಕ್ಕೆ ಬೀಳದಂತೆ ತಡೆಯುವ ಪಂಪಿನ ವಾಲ್ವ್, ಅಂದರೆ ಎನ್‌ಆರ್‌ವಿ, ಸವೆದಿದ್ದರೆ ಆ ನೀರು ಪಂಪನ್ನು ಹಿಂದಕ್ಕೆ ತಿರುಗಿಸುತ್ತದೆ. ಹಿಂದಕ್ಕೆ ತಿರುಗುತ್ತಿರುವಾಗಲೇ ಮುಂದಕ್ಕೆ ಕರೆಂಟ್ ಕೊಟ್ಟರೆ ಶಾಫ್ಟ್ ಅಥವಾ ಕಪ್ಲಿಂಗ್ ಮುರಿಯುತ್ತದೆ. ಆಗ ಮೇಲೆ ಮೋಟರ್ ಓಡುತ್ತಿರುವ ಆಂಪಿಯರ್ ತೋರಿಸುತ್ತದೆ, ನೀರು ಮಾತ್ರ ಬರುವುದಿಲ್ಲ.

ಡಿಲೇ ನೀವೊಬ್ಬರೇ ಇಟ್ಟರೆ ಅರ್ಧ ಲಾಭ. ಪೂರ್ತಿ ಲಾಭ ಬೇಕಾದರೆ ಡಿಪಿಯ ಏಳೂ ಮಂದಿ ಕೂತು ಪಾಳಿ ಹಂಚಿಕೊಳ್ಳಬೇಕು. ಮೋಟರ್ ಏಳಲು ಬೇಕಾದದ್ದು ಎರಡು ಸೆಕೆಂಡ್ ಆದರೂ ತಿರುಗಣೆಯ ಟೈಮರ್‌ಗಳು ಅಷ್ಟು ನಿಖರವಲ್ಲ, ಆದ್ದರಿಂದ ನಡುವೆ ಅರ್ಧ ನಿಮಿಷ ಬಿಡಿ. ಮೊದಲನೆಯದು 2 ನಿಮಿಷಕ್ಕೆ, ಎರಡನೆಯದು ಎರಡೂವರೆಗೆ, ಹೀಗೆ ಏಳನೆಯದು 5 ನಿಮಿಷಕ್ಕೆ ಏಳುತ್ತದೆ. ಯಾರು ಮೊದಲು ಎನ್ನುವುದಕ್ಕೆ ಜಗಳ ಬೇಕಿಲ್ಲ: ದೊಡ್ಡ ಮೋಟರ್, ಅದರಲ್ಲೂ ಡಿಪಿಯಿಂದ ದೂರ ಇರುವುದು ಮೊದಲು. ದೂರದವರಿಗೆ ವೋಲ್ಟೇಜ್ ಮೊದಲೇ ಕಡಿಮೆ, ಉಳಿದವರು ಓಡಲು ಶುರು ಮಾಡಿದ ಮೇಲೆ ಅವರ ಮೋಟರ್ ಏಳುವುದೇ ಕಷ್ಟ. ಹತ್ತಿರದ 5 ಎಚ್‌ಪಿ ಕೊನೆಗೆ ಎದ್ದರೂ ತೊಂದರೆ ಇಲ್ಲ. ಯಾರದು ಎಷ್ಟು ನಿಮಿಷ ಎಂದು ಪ್ರತಿ ಪೆಟ್ಟಿಗೆಯ ಒಳಬಾಗಿಲಿಗೆ ಬರೆದು ಅಂಟಿಸಿ. ಹೊಸ ಟೈಮರ್ ಹಾಕುವವನಿಗೆ ಅದು ಕಾಣಬೇಕು.

ಎರಡನೆಯ ಸಾಧನ ಒಂದು ಫೇಸ್ ತಪ್ಪಿದರೆ ಮೋಟರ್ ನಿಲ್ಲಿಸುವ ಫೇಸ್ ಪ್ರಿವೆಂಟರ್. ಇದರಲ್ಲಿ ಜನ ಮೋಸ ಹೋಗುವ ಜಾಗ ಒಂದಿದೆ. ಪೆಟ್ಟಿಗೆಯ ಮೇಲೆ ಮೂರು ದೀಪ ಉರಿಯುತ್ತಿವೆ, ಅಂದರೆ ಮೂರು ಫೇಸ್ ಬಂದಿದೆ ಎಂದು ನಂಬುತ್ತೇವೆ. ಡಿಪಿಯಲ್ಲಿ ಒಂದು ಫ್ಯೂಸ್ ಹೋಗಿದೆ, ಆದರೆ ಪಕ್ಕದವರ ಮೋಟರ್ ಉಳಿದೆರಡು ಫೇಸಿನ ಮೇಲೆ ಹೇಗೋ ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ತಿರುಗುತ್ತಿರುವ ಆ ಮೋಟರ್ ಸತ್ತ ಫೇಸಿನ ತಂತಿಗೂ ತನ್ನ ಕಡೆಯಿಂದ ವೋಲ್ಟೇಜ್ ಕೊಡುತ್ತಿರುತ್ತದೆ. ನಿಮ್ಮ ದೀಪ ಉರಿಯುತ್ತದೆ, ಸ್ವಲ್ಪ ಮಂದ, ಅಷ್ಟೇ. ಕೇವಲ ವೋಲ್ಟೇಜ್ ಇದೆಯಾ ಇಲ್ಲವಾ ಎಂದು ನೋಡುವ ಅಗ್ಗದ ಪ್ರಿವೆಂಟರ್ ಕೂಡ ಇಲ್ಲಿ ಮೋಸ ಹೋಗಬಹುದು. ಅದಕ್ಕೇ ನನ್ನ ಸಲಹೆ: ಮೂರೂ ತಂತಿಗೆ ಸಿಟಿ ಎಂಬ ಕರೆಂಟ್ ಅಳೆಯುವ ಸುರುಳಿ ಹಾಕಿ ಆಂಪಿಯರ್ ನೋಡುವ ಬಗೆಯದ್ದನ್ನೇ ತನ್ನಿ. ಬೆಲೆ ಜಾಸ್ತಿ, ಆದರೆ ಒಂದು ರಿವೈಂಡಿಂಗ್ ಖರ್ಚಿನ ಮುಂದೆ ಅದು ದೊಡ್ಡದಲ್ಲ. ನಿಮ್ಮದೇ ಸ್ಟಾರ್ಟರಿನ ಪಾಯಿಂಟ್ ಹೋಗಿ ಫೇಸ್ ತಪ್ಪಿದರೆ ಅದನ್ನು ಹಿಡಿಯುವುದೂ ಇದೇ, ಏಕೆಂದರೆ ಸ್ಟಾರ್ಟರಿನ ಮುಂದೆ ಅಳೆಯುವ ವೋಲ್ಟೇಜಿನಲ್ಲಿ ಆ ತಪ್ಪು ಕಾಣುವುದಿಲ್ಲ.

ಅದರಲ್ಲಿ ಮೂರು ಸೆಟ್ಟಿಂಗ್ ನೋಡಿ. ಕಡಿಮೆ ವೋಲ್ಟೇಜ್ 350ರ ಹತ್ತಿರ ಇರಲಿ, ಆದರೆ ಕೆಲವು ಸೆಕೆಂಡ್ ತಾಳಿ ಟ್ರಿಪ್ ಆಗುವಂತೆ, ಇಲ್ಲದಿದ್ದರೆ ಪಕ್ಕದವರ ಮೋಟರ್ ಏಳುವಾಗಲೆಲ್ಲ ನಿಮ್ಮದು ನಿಲ್ಲುತ್ತದೆ. ಫೇಸಿನ ಕ್ರಮ ತಿರುವಾದರೆ ತಡೆಯುವ ವ್ಯವಸ್ಥೆ ಇರಲಿ. ಲೈನ್ ಕೆಲಸ ಆದ ಮೇಲೆ, ಡಿಪಿ ಬದಲಿಸಿದ ಮೇಲೆ ಎರಡು ತಂತಿ ಅದಲುಬದಲಾಗಿ ಮೋಟರ್ ಉಲ್ಟಾ ತಿರುಗುವುದುಂಟು. ಮೂರನೆಯದು ಡ್ರೈ ರನ್. ಬೋರಿನಲ್ಲಿ ನೀರು ಪೂರ್ತಿ ಬರುತ್ತಿರುವಾಗ ಟಾಂಗ್ ಟೆಸ್ಟರ್ ಹಿಡಿದು ಆಂಪಿಯರ್ ನೋಡಿ. 13.5 ಇದ್ದರೆ ಅದರ ಮುಕ್ಕಾಲು ಪಾಲು, ಅಂದರೆ 10ಕ್ಕೆ ಇಳಿದಾಗ ನಿಲ್ಲುವಂತೆ ಇಡಿ. ನೀರಿಲ್ಲದೆ ನಿಂತ ಮೋಟರ್ ಎರಡೇ ನಿಮಿಷಕ್ಕೆ ಮತ್ತೆ ಏಳಬಾರದು. ಬೋರಿಗೆ ನೀರು ಕೂಡಲು ಅರ್ಧ–ಒಂದು ತಾಸು ಕೊಡುವ ಬಗೆಯ ಸೆಟ್ಟಿಂಗ್ ಇದ್ದರೆ ಅದನ್ನು ಬಳಸಿ.

ಓವರ್‌ಲೋಡ್ ರಿಲೇಯ ಚಕ್ರ ಈಗ ಎಲ್ಲಿದೆ ಎಂದು ಇವತ್ತೇ ನೋಡಿ. ಟ್ರಿಪ್ ಆಗುತ್ತದೆ ಎಂದು ಯಾರೋ 20ಕ್ಕೆ ತಿರುಗಿಸಿಟ್ಟಿರುವ ಪೆಟ್ಟಿಗೆಗಳೇ ಜಾಸ್ತಿ. ಅದು ಮೋಟರಿನ ಪ್ಲೇಟಿನಲ್ಲಿರುವ ಆಂಪಿಯರನ್ನು ದಾಟಬಾರದು. ವೋಲ್ಟೇಜ್ ಕಡಿಮೆ ಇದ್ದಾಗ ಅದು ಟ್ರಿಪ್ ಆದರೆ ಸರಿಯಾಗಿಯೇ ಕೆಲಸ ಮಾಡಿದೆ. ಪಕ್ಕದವರ ಬಾವಿಯಲ್ಲಿ ಸ್ಟಾರ್–ಡೆಲ್ಟಾ ಸ್ಟಾರ್ಟರ್ ಇದ್ದರೆ ಲೆಕ್ಕ ಬೇರೆ: ಅದರಲ್ಲಿ ರಿಲೇ ಸಾಮಾನ್ಯವಾಗಿ ಡೆಲ್ಟಾದ ಒಳಗೆ ಕೂತಿರುವುದರಿಂದ ಪ್ಲೇಟಿನ ಆಂಪಿಯರಿನ 0.58ರಷ್ಟಕ್ಕೆ ಇಡಬೇಕು, 15 ಇದ್ದರೆ 8.7ಕ್ಕೆ. ಇನ್ನೊಂದು ಮುಖ್ಯ ಮಾತು, ರಿಲೇಯ ರಿಸೆಟ್ ಆಟೋದಲ್ಲಿ ಇರಬಾರದು, ಕೈಯಿಂದ ಒತ್ತುವ ಕಡೆಗೇ ಇರಬೇಕು. ಆಟೋ ಸ್ಟಾರ್ಟ್ ಜೊತೆ ಆಟೋ ರಿಸೆಟ್ ಸೇರಿದರೆ ಕೆಟ್ಟ ಮೋಟರ್ ರಾತ್ರಿಯಿಡೀ ಟ್ರಿಪ್ ಆಗಿ, ತಣ್ಣಗಾಗಿ, ಮತ್ತೆ ಎದ್ದು ಬೆಳಗಿನೊಳಗೆ ಸುಟ್ಟಿರುತ್ತದೆ. ಟ್ರಿಪ್ ಆದ ರಾತ್ರಿ ನೀರು ತಪ್ಪಿದರೆ ತಪ್ಪಲಿ.

ಆಟೋ ಇರುವ ಜಾಗದಲ್ಲಿ ಕರೆಂಟ್ ಇಲ್ಲ ಎಂದು ಯಾರೂ ಕೈ ಹಾಕಬಾರದು. ಡಿಲೇ ಇಟ್ಟ ಮೇಲಂತೂ ಮೋಟರ್ ಸುಮ್ನೆ ನಿಂತಿದ್ದರೂ ತಂತಿಯಲ್ಲಿ ಕರೆಂಟ್ ಇರುತ್ತದೆ. ಪೈಪ್ ಬಿಚ್ಚುವ ಮೊದಲು, ಕೇಬಲ್ ಮುಟ್ಟುವ ಮೊದಲು ಮೇನ್ ಸ್ವಿಚ್ ಇಳಿಸಿ, ಕಿಟ್‌ಕ್ಯಾಟ್ ಫ್ಯೂಸ್ ಮೂರನ್ನೂ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ. ಮನೆಯ ಹುಡುಗರಿಗೂ ಆಳುಗಳಿಗೂ ಇದನ್ನು ಕಲಿಸಿ. ಡಿಪಿಯ ಫ್ಯೂಸ್ ಮಾತ್ರ ವಾಯರ್‌ಮನ್ ಬಂದೇ ಹಾಕಬೇಕು.

ಇನ್ನು ನಡುರಾತ್ರಿ ವಾಲ್ವ್ ಬದಲಿಸುವ ಪ್ರಶ್ನೆ. ಎಂಟು ತಾಸಿನ ಲೆಕ್ಕದಲ್ಲಿ ಎರಡು ವಾಲ್ವಿಗೆ ನಾಲ್ಕು ನಾಲ್ಕು ತಾಸು ಎಂದು ಹಂಚಿರುತ್ತೀರಿ, ಅದಕ್ಕೇ ನಡುರಾತ್ರಿ ಹೋಗಬೇಕಾಗಿದೆ. ಸಿಗುವ ತಾಸು ಎಂಟು ಅಲ್ಲ ಎಂದು ನಿಮಗೇ ಗೊತ್ತು. ಎಷ್ಟು ಸಿಗುತ್ತದೆ ಎಂದು ತಿಳಿಯಲು ಮೋಟರಿಗೆ ಒಂದು ಅವರ್ ಮೀಟರ್ ಹಾಕಿಸಿ. ಮೋಟರ್ ಓಡಿದಷ್ಟೇ ಹೊತ್ತು ಅದು ಎಣಿಸುತ್ತದೆ. ರಾತ್ರಿ ಪಾಳಿಯ ಪ್ರತಿ ಬೆಳಿಗ್ಗೆ ಅಂಕಿ ಬರೆದಿಡಿ. ಹತ್ತು ರಾತ್ರಿಯ ಲೆಕ್ಕ ಸಿಕ್ಕ ಮೇಲೆ, ಅದರಲ್ಲಿ ಎಂಟು ರಾತ್ರಿಯಾದರೂ ಎಷ್ಟು ತಾಸು ಸಿಕ್ಕಿದೆ ಎಂದು ನೋಡಿ. ಅದೇ ನಿಮ್ಮ ಖಾತ್ರಿ ತಾಸು. ಐದು ಎಂದು ಹಿಡಿಯೋಣ.

ಈಗ ಗಿಡದ ಕಡೆಯ ಲೆಕ್ಕ. ಒಂದು ಗಿಡಕ್ಕೆ ದಿನಕ್ಕೆ 40 ಲೀಟರ್ ಬೇಕು ಅನ್ನಿ. ಗಿಡದ ವಯಸ್ಸು ಮತ್ತು ತಿಂಗಳಿಗೆ ತಕ್ಕಂತೆ ಇದು ಬದಲಾಗುತ್ತದೆ, ಸರಿಯಾದ ಅಂಕಿಯನ್ನು ಸೊಲ್ಲಾಪುರದ ದಾಳಿಂಬೆ ಸಂಶೋಧನಾ ಕೇಂದ್ರದಲ್ಲಿ ಕೇಳಿ ಇಟ್ಟುಕೊಳ್ಳಿ. ಗಿಡಕ್ಕೆ ತಾಸಿಗೆ 4 ಲೀಟರಿನ ನಾಲ್ಕು ಡ್ರಿಪ್ಪರ್ ಇದ್ದರೆ ತಾಸಿಗೆ 16 ಲೀಟರ್. ಒಂದು ವಾಲ್ವಿನ ಮೇಲೆ 300 ಗಿಡ, ಅಂದರೆ ತಾಸಿಗೆ 4,800 ಲೀಟರ್. ನಿಮ್ಮ ಬೋರ್ ಅಷ್ಟು ಕೊಡುತ್ತದಾ? 200 ಲೀಟರ್ ಡ್ರಮ್ ಇಟ್ಟು ಅಳೆಯಿರಿ. ಎರಡು ನಿಮಿಷಕ್ಕೆ ತುಂಬಿದರೆ ತಾಸಿಗೆ 6,000 ಲೀಟರ್. ಡ್ರಿಪ್ಪಿನ ಒತ್ತಡದ ಎದುರು ಸ್ವಲ್ಪ ಕಡಿಮೆಯಾದರೂ ಒಂದು ವಾಲ್ವಿಗೆ ಸಾಕು, ಉಳಿದದ್ದನ್ನು ಬೈಪಾಸ್‌ನಲ್ಲಿ ಟಾಕಿಗೆ ಬಿಡಿ. ಎರಡೂ ವಾಲ್ವ್ ಒಟ್ಟಿಗೆ ತೆರೆದರೆ 9,600 ಬೇಕು, ಅದು ಆಗುವುದಿಲ್ಲ.

ಹಾಗಾದರೆ ಒಂದು ರಾತ್ರಿಗೆ ಒಂದೇ ವಾಲ್ವ್. ಐದು ತಾಸಿಗೆ ಗಿಡಕ್ಕೆ 80 ಲೀಟರ್ ಬೀಳುತ್ತದೆ, ಅದು ಎರಡು ದಿನದ ನೀರು. ಮರುರಾತ್ರಿ ಇನ್ನೊಂದು ವಾಲ್ವ್. ಹೊತ್ತು ಮುಳುಗುವ ಮೊದಲು, ಬೆಳಕಿರುವಾಗ ವಾಲ್ವ್ ತಿರುಗಿಸಿ ಮನೆಗೆ ಬನ್ನಿ. ರಾತ್ರಿ ಹೊಲಕ್ಕೆ ಹೋಗುವ ಕೆಲಸವೇ ಉಳಿಯುವುದಿಲ್ಲ. ಒಂದು ರಾತ್ರಿ ಎಂಟು ತಾಸೂ ಸಿಕ್ಕಿಬಿಟ್ಟರೆ? ಗಿಡಕ್ಕೆ 128 ಲೀಟರ್ ಬೀಳುತ್ತದೆ. ದಾಳಿಂಬೆಗೆ ಇದು ಒಳ್ಳೆಯದಲ್ಲ. ಒಣಗಿದ ಮೇಲೆ ಒಮ್ಮೆಲೇ ಜಾಸ್ತಿ ನೀರು ಕುಡಿದರೆ ಕಾಯಿ ಸೀಳುತ್ತದೆ. ಆದ್ದರಿಂದ ಓಡಿದ ತಾಸು ಎಣಿಸಿ ಐದು ಮುಗಿದ ಮೇಲೆ ನಿಲ್ಲಿಸುವ ಟೈಮರ್ ಹಾಕಿ. ಕರೆಂಟ್ ಹೋದರೂ ಎಣಿಕೆ ಉಳಿಯುವ ಬಗೆಯದ್ದು ಬೇಕು, ಇಲ್ಲದಿದ್ದರೆ ಪ್ರತಿ ಸಲ ಹೊಸದಾಗಿ ಐದು ತಾಸು ಶುರುವಾಗುತ್ತದೆ. ಮೊಬೈಲ್ ಸ್ಟಾರ್ಟರ್ ಕೊಳ್ಳುವುದಿದ್ದರೆ ಈ ಸೌಲಭ್ಯ ಇದೆಯಾ ಎಂದು ಕೇಳಿಯೇ ಕೊಳ್ಳಿ. ಐದರ ಬದಲು ಮೂರೇ ತಾಸು ಸಿಕ್ಕ ರಾತ್ರಿ, ಮರುದಿನವೂ ಅದೇ ವಾಲ್ವ್ ಎರಡು ತಾಸಿಗೆ ತೆರೆದು ಬಾಕಿ ತೀರಿಸಬೇಡಿ. ಪಾಳಿ ಕೆಡುತ್ತದೆ. ಆ ಬಾಕಿಯನ್ನು ಬರೆದಿಟ್ಟು ಹಗಲಿನ ವಾರದಲ್ಲಿ ಕೊಡಿ.

ಮತ್ತೊಂದು ಸೂಕ್ಷ್ಮ. ಪ್ರತಿ ಸಲ ಮೋಟರ್ ನಿಂತಾಗ ಲ್ಯಾಟರಲ್‌ಗಳಲ್ಲಿ, ಅಂದರೆ ಸಾಲಿನ ಡ್ರಿಪ್ ಪೈಪ್‌ಗಳಲ್ಲಿ, ಉಳಿದ ನೀರು ಇಳಿಜಾರಿನ ಗಿಡಗಳಿಗೆ ಹರಿದುಹೋಗುತ್ತದೆ, ಮತ್ತೆ ಶುರುವಾದಾಗ ಮೇಲಿನ ಗಿಡಗಳಿಗೆ ಒತ್ತಡ ತಲುಪಲು ಹೊತ್ತು ಬೇಕು. ರಾತ್ರಿಗೆ ಏಳೆಂಟು ಸಲ ಹೀಗಾದರೆ ಅವರ್ ಮೀಟರ್ ಐದು ತಾಸು ತೋರಿಸಿದರೂ ಮೇಲಿನ ಸಾಲಿಗೆ ನಾಲ್ಕು ತಾಸಿನಷ್ಟೂ ಸಿಕ್ಕಿರುವುದಿಲ್ಲ. ಬೆಳಿಗ್ಗೆ ಮೇಲಿನ ಸಾಲಿನ ಒಂದು ಗಿಡ, ಕೆಳಗಿನ ಸಾಲಿನ ಒಂದು ಗಿಡದ ಬುಡ ಅಗೆದು ತೇವ ಎಷ್ಟು ಆಳ ಇಳಿದಿದೆ ಎಂದು ಹೋಲಿಸಿ. ವ್ಯತ್ಯಾಸ ಕಂಡರೆ ಹಗಲಿನ ವಾರದಲ್ಲಿ ಮೇಲಿನ ಸಾಲಿನ ಬಾಕಿ ತುಂಬಿಸಿ. ಡ್ರಿಪ್ಪಿನಲ್ಲಿ ಗೊಬ್ಬರ ಕೊಡುವುದನ್ನೂ ಫಿಲ್ಟರ್ ತೊಳೆಯುವುದನ್ನೂ ಹಗಲಿನ ವಾರಕ್ಕೇ ಇಟ್ಟುಕೊಳ್ಳಿ. ಗೊಬ್ಬರ ನಡೆಯುತ್ತಿರುವಾಗ ಕರೆಂಟ್ ಹೋದರೆ ಅದು ಲೈನಿನಲ್ಲೇ ಕೂರುತ್ತದೆ, ಎನ್‌ಆರ್‌ವಿ ಕೆಟ್ಟಿದ್ದರೆ ಬೋರಿಗೂ ಇಳಿಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಪ್ರಿವೆಂಟರ್ ರಾತ್ರಿಯಿಡೀ ಕಡಿಮೆ ವೋಲ್ಟೇಜ್ ಎಂದು ನಿಲ್ಲಿಸುತ್ತಿದ್ದರೆ ಅದರ ಸೆಟ್ಟಿಂಗ್ ಇಳಿಸಲು ಹೋಗಬೇಡಿ. ಏಳೂ ಮೋಟರ್ ಎದ್ದು ಓಡುತ್ತಿರುವಾಗ, ಯಾವುದೂ ಹೊಸದಾಗಿ ಏಳದ ಹೊತ್ತಿನಲ್ಲಿ, ನಿಮ್ಮ ಸ್ಟಾರ್ಟರಿನಲ್ಲಿ ಮೂರು ಜೋಡಿಯ ವೋಲ್ಟೇಜನ್ನೂ ಅಳೆಸಿ, ಅದೇ ಹೊತ್ತಿಗೆ ಡಿಪಿಯ ಹತ್ತಿರದ ಹೊಲದಲ್ಲೂ ಅಳೆಸಿ. ಅಲ್ಲಿ 400ರ ಮೇಲಿದ್ದು ನಿಮ್ಮಲ್ಲಿ 350ಕ್ಕಿಂತ ಕೆಳಗಿದ್ದರೆ ತೊಂದರೆ ನಡುವಿನ ತಂತಿಯದ್ದು ಅಥವಾ ಸಡಿಲ ಜೋಡಣೆಯದ್ದು. ಎರಡೂ ಕಡೆ ಕಡಿಮೆಯಿದ್ದರೆ ಡಿಪಿಗೆ ಲೋಡ್ ಜಾಸ್ತಿಯಾಗಿದೆ ಅಥವಾ ಮೇಲಿನ ಲೈನಿನಲ್ಲೇ ಕಡಿಮೆ ಬರುತ್ತಿದೆ. ಎಲ್ಲ ಮೋಟರಿಗೂ ಕೆಪ್ಯಾಸಿಟರ್ ಇದೆಯಾ ಎಂದೂ ನೋಡಿಕೊಳ್ಳಿ. ಆಮೇಲೆ ದಿನಾಂಕ, ಹೊತ್ತು, ವೋಲ್ಟೇಜ್ ಬರೆದ ಹಾಳೆಯೊಂದಿಗೆ ಏಳೂ ಮಂದಿ ಸಹಿ ಹಾಕಿ ವಿದ್ಯುತ್ ಕಚೇರಿಗೆ ಅರ್ಜಿ ಕೊಡಿ, 1912ಕ್ಕೆ ಫೋನ್ ಮಾಡಿ ದೂರಿನ ನಂಬರನ್ನೂ ಅದೇ ಅರ್ಜಿಯ ಮೇಲೆ ಬರೆಯಿರಿ.